ಬಿಸಿಲಿಗೆ ಕಪ್ಪಾದ ಕೈಗೆ ನಿಂಬೆಹಣ್ಣು ಉಜ್ಜಬೇಡಿ

ನಮ್ಮ ತಂಗಿಯ ಮಗಳು ದಿನಾ ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುವವಳು. ಮೊಣಕೈಯಿಂದ ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ಮದುವೆ ಹತ್ತಿರ ಬಂತು ಅಂತ ನಿಂಬೆಹೋಳು ಉಜ್ಜಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ತಾರಸಿ ಮೇಲೆ ಕೂತಳು. ಮರುದಿನ ಕೈ ಕೆಂಪಗೆ ಉರಿ, ಆಮೇಲೆ ಬೊಬ್ಬೆ. ರಸ ಹರಿದ ಜಾಗದಲ್ಲೆಲ್ಲ ಕಂದು ಗೆರೆ ಉಳಿದು, ಹೋಗೋಕೆ ತಿಂಗಳುಗಳೇ ಬೇಕಾದವು. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಡುತ್ತದೆ. ಮೊದಲು ಯಾರನ್ನಾದರೂ ಕೇಳಬೇಕು ಅಲ್ವಾ?

ಬಿಸಿಲು ಬಿದ್ದಾಗ ಚರ್ಮ ತನ್ನ ರಕ್ಷಣೆಗೆ ಮೆಲನಿನ್ ಅನ್ನುವ ಬಣ್ಣ ಜಾಸ್ತಿ ಮಾಡಿಕೊಳ್ಳುತ್ತದೆ. ತೋಳು ಮುಚ್ಚಿದ ಕಡೆ ಅದಕ್ಕೆ ಕೆಲಸವಿಲ್ಲ, ಹಾಗಾಗಿ ಎರಡು ಬಣ್ಣ. ಮೇಲಿನ ಪದರ ಸವೆದು ಹೊಸದು ಬರಲು ಸುಮಾರು ಒಂದು ತಿಂಗಳು ಬೇಕು. ಅಷ್ಟು ದಿನವೂ ಗಾಡಿ ಹತ್ತುವಾಗ ಒತ್ತು ನೇಯ್ಗೆಯ ಉದ್ದ ತೋಳು ಹಾಕಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಂಡರೆ ಅದು ಸಾಲದು.

ಇನ್ನು ಕಡಲೆಹಿಟ್ಟು. ಎಲ್ಲರೂ ಹಚ್ಚುತ್ತಾರೆ, ತೆಗೆಯುವುದು ಮಾತ್ರ ಯಾರಿಗೂ ಬಾರದು. ನಮ್ಮಮ್ಮ ಹಿಟ್ಟನ್ನು ಹಳೇ ಮಲ್ ಬಟ್ಟೆಯಲ್ಲಿ ಜರಡಿ ಹಿಡಿದೇ ಕೊಡುತ್ತಿದ್ದಳು. ತರಿ ಉಳಿದರೆ ಚರ್ಮ ಗೀರುತ್ತದೆ, ಗೀರಿದ ಜಾಗ ಇನ್ನೂ ಕಪ್ಪಾಗುತ್ತದೆ. ಜರಡಿ ಹಿಡಿದ ಹಿಟ್ಟಿಗೆ ಹಿಂದಿನ ದಿನದ, ಸ್ವಲ್ಪ ಹುಳಿಯಾದ ಮೊಸರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ. ಸಂಜೆ ಬಂದು ಕೈ ತೊಳೆದು, ಇನ್ನೂ ಒದ್ದೆ ಇರುವಾಗಲೇ ತೆಳ್ಳಗೆ ಹಚ್ಚಿ. ಅಂಚು ಬಿಳಿಚಿಕೊಂಡು, ನಡುವೆ ಬೆರಳಿಟ್ಟರೆ ಇನ್ನೂ ಅಂಟಬೇಕು. ತೆಗೆಯುವ ಹದ ಅದೇ. ಒಣಗಿ ಬಿರಿಯುವವರೆಗೆ ಫೋನ್ ನೋಡುತ್ತಾ ಕೂರಬೇಡಿ. ಅಂಗೈ ಒದ್ದೆ ಮಾಡಿ ಅದರ ಮೇಲಿಟ್ಟು, ಹಿಟ್ಟು ಮತ್ತೆ ಕರಗಿದ ಮೇಲೆ ನೀರು ಬಿಟ್ಟು ಇಳಿಸಿ. ಉಜ್ಜಿ ಉದುರಿಸಬಾರದು. ಹಳೇ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ತೇವ ಇರುವಾಗಲೇ ನಾಲ್ಕು ಹನಿ ಕೊಬ್ಬರಿಎಣ್ಣೆ ಸವರಿ. ವಾರಕ್ಕೆ ಎರಡು ಸಲ ಸಾಕು. ಉರಿದರೆ ನಿಲ್ಲಿಸಿ.

ಇದು ಮೇಲಿನ ಸತ್ತ ಪದರವನ್ನು ಮೆತ್ತಗೆ ಬಿಡಿಸುತ್ತದೆ, ಅಷ್ಟೇ. ತೋಳಿನ ಒಳಭಾಗ, ಕಂಕುಳ ಹತ್ತಿರ ನೋಡಿ, ನಿಮ್ಮ ಬಣ್ಣ ಅದೇ. ಅದಕ್ಕಿಂತ ಬೆಳ್ಳಗೆ ಮಾಡುತ್ತೇವೆ ಅನ್ನುವ ಕ್ರೀಮನ್ನು ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತರಬೇಡಿ. ಕೆಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ, ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ. ಎರಡೂ ಕೆನ್ನೆಯ ಮೇಲೆ ನಕಾಶೆಯ ಹಾಗೆ ಕಂದು ಕಲೆ ಇದ್ದರೆ ಅದು ಭಂಗು ಇರಬಹುದು. ಅದಕ್ಕೆ ಕಡಲೆಹಿಟ್ಟು ಹಚ್ಚುತ್ತಾ ದಿನ ಕಳೆಯದೆ ಚರ್ಮದ ಡಾಕ್ಟರಿಗೆ ತೋರಿಸಿ.