ಹಳೇ ಗಿರಾಕಿಗೆ ಜಾಹೀರಾತು ಮುಚ್ಚಿಟ್ಟು ನಾನು ಕಳೆದುಕೊಂಡ ಮೇ ತಿಂಗಳು

ಸಾಗರದ ನಮ್ಮ ಮನೆಯಿಂದಲೇ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಜೋನಿ ಬೆಲ್ಲ ಕಳಿಸುತ್ತೇವೆ. ಪ್ಯಾಕಿಂಗ್ ಅತ್ತಿಗೆಯದು, ಇನ್‌ಸ್ಟಾಗ್ರಾಂ ಜಾಹೀರಾತು ನನ್ನದು. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರು ಸೇರಿದ ಮಲೆನಾಡಿನವರೇ.

ಒಂದು ದಿನ ಬಸವನಗುಡಿಯಿಂದ ಒಬ್ಬರು ಫೋನ್ ಮಾಡಿದರು. "ಮೂರು ವರ್ಷದಿಂದ ನಿಮ್ಮ ಹತ್ರಾನೇ ತಗೊಳ್ತಿದೀನಿ ಕಣ್ರೀ. ಡಿಸ್ಕೌಂಟ್ ಮಾತ್ರ ಹೊಸಬರಿಗಾ?" ಮೊದಲ ಆರ್ಡರಿಗೆ 15% ರಿಯಾಯಿತಿ ಎನ್ನುವ ಜಾಹೀರಾತು ಅವರಿಗೂ ಕಂಡಿತ್ತು. ಹೊಸಬರನ್ನು ಹುಡುಕಲು ಇಟ್ಟ ದುಡ್ಡು ಹಳಬರ ಮೇಲೆ ಖರ್ಚಾಗುತ್ತಿತ್ತು, ಮೇಲಿಂದ ಅವರ ಸಿಟ್ಟು ಬೇರೆ. ಸರಿ, ಹಳೇ ಗಿರಾಕಿಗಳ ಪಟ್ಟಿಯನ್ನು ಅಪ್‌ಲೋಡ್ ಮಾಡಿ ಕ್ಯಾಂಪೇನ್‌ನಿಂದ ಹೊರಗಿಡೋಣ ಅಂದುಕೊಂಡೆ.

ಮೊದಲ ಸಲ ಪಟ್ಟಿ ಇನ್‌ಸ್ಟಾಗ್ರಾಂ ಖಾತೆಗಳಿಗೆ ಸರಿಯಾಗಿ ಹೊಂದಲೇ ಇಲ್ಲ. ತಪ್ಪು ನಮ್ಮದೇ. ನಮ್ಮ ಹತ್ತಿರ ಇಮೇಲ್ ಇರುವುದು ಕಡಿಮೆ, ಫೋನ್ ನಂಬರೇ ಆಧಾರ. ಕೆಲವು ನಂಬರಿನ ಶುರುವಿನಲ್ಲೇ ಸೊನ್ನೆ, ಕೆಲವಕ್ಕೆ ನಡುವೆ ಖಾಲಿ ಜಾಗ, ದೇಶದ ಕೋಡ್ ಯಾವುದಕ್ಕೂ ಇಲ್ಲ. ಅಪ್‌ಲೋಡ್ ಆಗುವಾಗ ನಂಬರು ಹ್ಯಾಶ್ ಆಗುತ್ತದೆ, ಅಂದರೆ ಗುರುತು ಸಿಗದ ಸಂಕೇತವಾಗಿ ಬದಲಾಗುತ್ತದೆ. ಹ್ಯಾಶ್ ಆದಮೇಲೆ ಒಂದು ಅಂಕಿ ಹೆಚ್ಚುಕಮ್ಮಿಯಾದರೂ ಅದು ಬೇರೆಯೇ ಮನುಷ್ಯ. ಗೂಗಲ್ ಶೀಟ್‌ನಲ್ಲಿ ಹೀಗೆ ಸರಿಮಾಡಿದೆ:

```
="91"&RIGHT(REGEXREPLACE(TO_TEXT(A2),"\D",""),10)
```

ಇನ್ನೊಂದು ಎಡವಟ್ಟೂ ಇತ್ತು. ನಾನು ಹಾಕಿದ್ದು ಡೆಲಿವರಿ ನಂಬರು. ಆರ್ಡರ್ ಮಾಡಿದವರು ಮಗಳು, ಡೆಲಿವರಿಗೆ ಕೊಟ್ಟಿದ್ದು ಅಮ್ಮನ ಫೋನು. ಜಾಹೀರಾತು ನೋಡುವವರು ಮಗಳು ಅಲ್ವಾ? ಆರ್ಡರ್ ಮಾಡಿದವರ ನಂಬರನ್ನೇ ತೆಗೆದು ಮತ್ತೆ ಹಾಕಿದೆ. ಕ್ಯಾಶ್ ಆನ್ ಡೆಲಿವರಿ ಹೇಳಿ ಪಾರ್ಸೆಲ್ ವಾಪಸ್ ಕಳಿಸಿದವರನ್ನು ಪಟ್ಟಿಯಿಂದ ತೆಗೆದೆ, ಅವರು ಇನ್ನೂ ಗಿರಾಕಿಯೇ ಅಲ್ಲವಲ್ಲ.

ಹೊಸ ಉಪ್ಪಿನಕಾಯಿ ಮೇ ಹೊತ್ತಿಗೆ ಭರಣಿಯಿಂದ ಹೊರಬರುತ್ತದೆ. ಆ ತಿಂಗಳು ಎಲ್ಲ ಹಳಬರನ್ನೂ ಹೊರಗಿಟ್ಟು ಅದೇ ಬಜೆಟ್ ಓಡಿಸಿದೆ. ಆರ್ಡರೊಂದರ ಜಾಹೀರಾತು ಖರ್ಚು ಏರಿತು. ಅದು ಗೊತ್ತಿದ್ದದ್ದೇ, ಹಳಬರ ಸುಲಭದ ಆರ್ಡರು ಲೆಕ್ಕದಿಂದ ಹೋಯಿತಲ್ಲ. ನನಗೆ ಹೊಟ್ಟೆಯುರಿಸಿದ್ದು ಕೊರಿಯರ್ ಪುಸ್ತಕ. ಹಿಂದಿನ ಮೇ ತಿಂಗಳಲ್ಲಿ 118 ಪಾರ್ಸೆಲ್, ಅದರಲ್ಲಿ ಹಳಬರದ್ದು 70. ಈ ಸಲ ಬರೀ 84, ಹಳಬರದ್ದು 39. ಹೊಸಬರು 48 ಇದ್ದವರು 45 ಆದರು. ದುಡ್ಡೆಲ್ಲ ಹೊಸಬರ ಕಡೆ ಹರಿದರೂ ಅವರೇನೂ ಜಾಸ್ತಿಯಾಗಲಿಲ್ಲ. ಜಾಹೀರಾತಿನ ಪರದೆಯನ್ನೇ ನೋಡುತ್ತಾ ಕೂತಿದ್ದರೆ ಈ ನಷ್ಟ ನನಗೆ ಕಾಣುತ್ತಲೇ ಇರಲಿಲ್ಲ.

ಆ ಜಾಹೀರಾತು ಹಳಬರಿಗೆ ಜ್ಞಾಪಕದ ಕರೆಯಂತಿತ್ತೇ? ಅದನ್ನೇ ಪರೀಕ್ಷಿಸಿದೆ. ಆರು ತಿಂಗಳಿಂದ ಏನೂ ತರಿಸದವರು ಸುಮಾರು 600 ಜನ ಇದ್ದರು. ನಂಬರಿನ ಕೊನೆಯ ಅಂಕಿ ಬೆಸವಾದರೆ ಹೊರಗಿಡುವ ಪಟ್ಟಿಗೆ, ಸಮವಾದರೆ ಜಾಹೀರಾತು ಕಾಣಲಿ ಅಂತ ಬಿಟ್ಟೆ. ಮೂರು ವಾರ ಆದಮೇಲೆ ಎಣಿಸಿದರೆ, ಕಂಡವರಿಂದ 31 ಆರ್ಡರು, ಹೊರಗಿಟ್ಟವರಿಂದ 19. ಇಷ್ಟು ಸಣ್ಣ ಲೆಕ್ಕದಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಹಾಗಾಗಿ ದೀಪಾವಳಿಗೆ ಗುಂಪು ಅದಲುಬದಲು ಮಾಡಿ ಮತ್ತೆ ನೋಡಿದೆ. ಆಗಲೂ ಕಂಡವರಿಂದ 24, ಹೊರಗಿಟ್ಟವರಿಂದ 15. ಆದರೆ ಇತ್ತೀಚೆಗೆ ತರಿಸಿದವರನ್ನೂ ಹೀಗೇ ಎರಡು ಭಾಗ ಮಾಡಿದಾಗ ವ್ಯತ್ಯಾಸವೇ ಇರಲಿಲ್ಲ. ಮನೆಯಲ್ಲಿ ಡಬ್ಬಿ ಇನ್ನೂ ಅರ್ಧ ತುಂಬಿರುವಾಗ ಜಾಹೀರಾತು ನೋಡಿ ಯಾರು ತರಿಸುತ್ತಾರೆ?

ಒಂದು ಕೆಜಿ ಡಬ್ಬಿ ನಮ್ಮ ಗಿರಾಕಿಗಳ ಮನೆಯಲ್ಲಿ ನಾಲ್ಕು ತಿಂಗಳು ಬರುತ್ತದೆ. ಆದ್ದರಿಂದ ಕಳೆದ 120 ದಿನದಲ್ಲಿ ಕೊಂಡವರನ್ನು ಮಾತ್ರ ಈಗ ಹೊರಗಿಡುತ್ತೇನೆ. ಅಪ್‌ಲೋಡ್ ಮಾಡಿದ ಪಟ್ಟಿಗೆ ಈ ದಿನಗಳ ಲೆಕ್ಕ ತಾನಾಗಿ ಬರುವುದಿಲ್ಲ, ನಾನೇ ಪ್ರತಿ ಶನಿವಾರ ಹೊಸ ಪಟ್ಟಿ ಹಾಕಿ ಹಳೆಯದನ್ನು ಬದಲಿಸಬೇಕು. ಎರಡು ವಾರ ಮರೆತರೆ, ನಿನ್ನೆ ಕೊಂಡವರಿಗೂ ಮತ್ತೆ ಜಾಹೀರಾತು. ಹಾಸಿಗೆ, ಮಿಕ್ಸಿ ಮಾರುವವರಿಗೆ ಈ ತಾಪತ್ರಯ ಕಡಿಮೆ, ಒಮ್ಮೆ ಕೊಂಡವರನ್ನು ವರ್ಷಗಟ್ಟಲೆ ಹೊರಗಿಟ್ಟರೂ ನಡೆಯುತ್ತದೆ.

ಪಟ್ಟಿ ಎಷ್ಟೇ ಶುದ್ಧ ಮಾಡಿದರೂ ಸೋರುತ್ತದೆ. ಇನ್‌ಸ್ಟಾಗ್ರಾಂ ಒಂದು ನಂಬರಲ್ಲಿ, ಆರ್ಡರು ಗಂಡನ ನಂಬರಲ್ಲಿ. ಹಾಗಾಗಿ 15% ಕೂಪನ್ನನ್ನು ತಡೆಯುವ ಕೆಲಸ ಈಗ ನಮ್ಮ ವೆಬ್‌ಸೈಟಿನದು, ಹಿಂದೆ ತರಿಸಿದ ನಂಬರಾದರೆ ಅದು ಒಪ್ಪುವುದಿಲ್ಲ. ಬಸವನಗುಡಿಯವರಂಥ ಹಳಬರಿಗೆ ಬೇರೆ ಜಾಹೀರಾತು ಮಾಡಿದ್ದೇನೆ. ಅದರಲ್ಲಿ ರಿಯಾಯಿತಿಯ ಸುದ್ದಿಯೇ ಇಲ್ಲ. ಅತ್ತಿಗೆ ಭರಣಿಯ ಬಟ್ಟೆ ಬಿಚ್ಚುವ ಫೋಟೊ, ಕೆಳಗೆ "ಈ ವರ್ಷದ ಮಿಡಿ ತಯಾರಾಯ್ತು" ಅಂತ ಒಂದೇ ಸಾಲು.