ಬೀಜ ಅದೇ, ಕೆಫೆಯ ರುಚಿ ಮನೇಲಿ ಯಾಕೆ ಬರಲ್ಲ?

ದಾವಣಗೆರೆಯ ಕಡೆ ಕಾಫಿಯ ಮಾತು ಬಂದಾಗಲೆಲ್ಲ ಹೆಣ್ಣುಮಕ್ಕಳು ಕೇಳುವುದು ಇದನ್ನೇ: “ಕೆಫೆಯವರು ಕೊಳ್ಳೋ ಅಂಗಡೀಲೇ ಅದೇ ಚಿಕ್ಕಮಗಳೂರಿನ ಬೀಜ ತರ್ತೀವಿ. ಅಲ್ಲಿ ಘಮ್ಮನ್ನೋ ಕಾಫಿ ಮನೇಲಿ ಸಪ್ಪೆ ಆಗುತ್ತೆ. ಪುಡಿ ಜಾಸ್ತಿ ಹಾಕಿದ್ರೆ ಬರೀ ಕಹಿ. ಏನು ತಪ್ಪಾಗ್ತಿದೆ?”

ಪುಡಿ ಹೆಚ್ಚಿಸುವ ಮೊದಲು ನೀರು ನೋಡಮ್ಮಾ. ಗಟ್ಟಿ ಡಿಕಾಕ್ಷನ್‌ನಲ್ಲೂ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುತ್ತೆ. ನಮ್ಮ ಕಡೆಯ ಬೋರ್ ನೀರಲ್ಲಿ ಸುಣ್ಣದಂಶದ ಜೊತೆ ಬೈಕಾರ್ಬೊನೇಟ್ ಹೆಚ್ಚು. ಅಡುಗೆ ಸೋಡಾದಲ್ಲಿ ಇರುವುದೂ ಅದೇ. ನಿಂಬೆ ಪಾನಕಕ್ಕೆ ಚಿಟಿಕೆ ಸೋಡಾ ಬಿದ್ದರೆ ಹುಳಿ ಸತ್ತು ಹೋಗುತ್ತಲ್ಲ, ಕಾಫಿಗೂ ಹಾಗೇ ಆಗುತ್ತೆ. ಬೀಜದಲ್ಲಿರುವ ತೆಳು ಹುಳಿ, ಹಣ್ಣಿನಂಥ ರುಚಿ ಅಡಗಿ, ಕಹಿ ಮಾತ್ರ ಮುಂದೆ ನಿಲ್ಲುತ್ತೆ. ಒಳ್ಳೆ ಕೆಫೆಗಳಲ್ಲಿ ನೀರನ್ನು ಹದ ಮಾಡಿಕೊಂಡೇ ಮೆಷಿನ್ನಿಗೆ ಬಿಡುತ್ತಾರೆ, ಇಲ್ಲದಿದ್ದರೆ ಒಳಗೆಲ್ಲ ಸುಣ್ಣ ಕಟ್ಟುತ್ತೆ.

“ನಮ್ಮ ನೀರು ಗಡಸು ಅಂತ ಗೊತ್ತಾಗೋದು ಹೇಗೆ?” ನೀರು ಕಾಯಿಸುವ ಪಾತ್ರೆಯ ತಳವನ್ನು ಉಗುರಿಂದ ಕೆರೆದು ನೋಡಿ, ಬಿಳಿ ಹೆಕ್ಕಳೆ ಎದ್ದು ಬಂದರೆ ಗಡಸು. ತೊಗರಿಬೇಳೆ ಬೇಗ ಬೇಯಲ್ಲ, ಸೋಪಿಗೆ ನೊರೆ ಬರಲ್ಲ. ಇನ್ನೂ ನಂಬಿಕೆ ಬರದಿದ್ದರೆ ಒಂದು ದಿನ ಅದೇ ಪುಡಿಯಿಂದ ಎರಡು ಸಲ ಡಿಕಾಕ್ಷನ್ ಇಳಿಸಿ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಕ್ಯಾನ್ ನೀರು. ಹಾಲು ಬೆರೆಸದೆ ಒಂದೊಂದು ಚಮಚಕ್ಕೆ ನಾಲ್ಕು ಚಮಚ ಬಿಸಿನೀರು ಸೇರಿಸಿ ಕುಡಿದು ನೋಡಿ. ವ್ಯತ್ಯಾಸ ನಾಲಿಗೆಗೇ ತಿಳಿಯುತ್ತೆ.

“ಹಾಗಾದ್ರೆ ಆರ್‌ಒ ನೀರು ಹಾಕ್ತೀವಿ” ಅನ್ನುವವರಿಗೆ ಒಂದು ಎಚ್ಚರಿಕೆ. ಬರೀ ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ. ಆಗ ಕಾಫಿ ತೆಳ್ಳಗಾಗಿ ಹುಳಿ ಚುಚ್ಚುತ್ತೆ. ನೀರಲ್ಲಿ ಕರಗಿದ ಲವಣದ ಅಳತೆಯೇ ಟಿಡಿಎಸ್, ಕಾಫಿಗೆ ಅದು 100ರಿಂದ 150ರ ಆಸುಪಾಸು ಇದ್ದರೆ ಹಿತ. ಲೆಕ್ಕ ಸುಲಭ: ಬೋರ್ ನೀರು 900, ಆರ್‌ಒ ನೀರು 30 ಇದೆ ಅನ್ನಿ. ಒಂಬತ್ತು ಲೋಟ ಆರ್‌ಒಗೆ ಒಂದು ಲೋಟ ಬೋರ್ ನೀರು ಬೆರೆಸಿದರೆ 117 ಆಗುತ್ತೆ. ನಲ್ಲಿಯಲ್ಲಿ ಭದ್ರಾ ಅಥವಾ ತುಂಗಭದ್ರಾ ನೀರು ಬರುವ ಮನೆಯವರು ಮೊದಲು ಅದನ್ನೇ ಕಾಯಿಸಿ ಬಳಸಿ ನೋಡಿ, ಬೆರೆಸುವ ಗೋಜು ಬೇಡವಾಗಬಹುದು.

ಆರ್‌ಒ ಇಲ್ಲದಿದ್ದರೆ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು, ಆರಿದ ಮೇಲೆ ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ. ಸುಣ್ಣ ತಳಕ್ಕೆ ಕೂರುತ್ತೆ, ಬೈಕಾರ್ಬೊನೇಟೂ ತಗ್ಗುತ್ತೆ. ಆದರೆ ಎಲ್ಲ ಗಡಸೂ ಹೋಗಲ್ಲ. ಚಿತ್ರದುರ್ಗದ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇರುವ ಊರುಗಳಿವೆ; ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತೆ. ಅಂಥ ನೀರನ್ನು ಕಾಫಿಗೂ ಬಳಸಬೇಡಿ, ಬೆರೆಸಲೂ ಬೇಡಿ. ಇನ್ನು ಉಪ್ಪು ಹಾಕುವ ಸಾಫ್ಟ್‌ನರ್ ಪಾತ್ರೆಯ ಹೆಕ್ಕಳೆ ತಪ್ಪಿಸುತ್ತೆ ನಿಜ, ಆದರೆ ಬೈಕಾರ್ಬೊನೇಟ್ ನೀರಲ್ಲೇ ಉಳಿಯುತ್ತೆ. ಕಾಫಿ ಸಪ್ಪೆಯೇ.

“ನೀರು ಸರಿಮಾಡಿದೆ, ಆದ್ರೂ ಒಗರು” ಅಂದರೆ ಪುಡಿ ನೋಡಬೇಕು. ಮಿಕ್ಸಿಯಲ್ಲಿ ಬೀಸಿದ ಬೀಜದಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟು ಕಹಿ ಬಿಡುತ್ತೆ, ನುಚ್ಚು ರುಚಿಯನ್ನೇ ಬಿಡಲ್ಲ. ಕೆಫೆಯ ಗ್ರೈಂಡರ್ ಒಂದೇ ಸಮ ಪುಡಿ ಮಾಡುತ್ತೆ, ಅದೂ ಕಾಫಿ ಇಳಿಸುವ ಹೊತ್ತಿಗೆ. ಮನೆಯಲ್ಲಿ ಅಷ್ಟು ಸಾಧ್ಯವಿಲ್ಲದಿದ್ದರೆ ಅಂಗಡಿಯಲ್ಲೇ ಫಿಲ್ಟರಿಗೆ ಅಂತ ಹೇಳಿ ಪುಡಿ ಮಾಡಿಸಿ, ವಾರಕ್ಕೆ ಆಗುವಷ್ಟೇ ತನ್ನಿ. ಅರ್ಧ ಕೆಜಿ ಒಟ್ಟಿಗೆ ತಂದು ದಿನಾ ಡಬ್ಬಿ ತೆರೆದರೆ ಘಮವೆಲ್ಲ ಅಡುಗೆಮನೆಗೇ ಹೋಗುತ್ತೆ.

ಫಿಲ್ಟರಿಗೆ 30 ಗ್ರಾಂ ಪುಡಿ ಹಾಕಿ, ಮೇಲ್ಮಟ್ಟ ಸಮ ಮಾಡಿ, ತಟ್ಟೆಯಿಂದ ಒತ್ತದೆ ಹಗುರವಾಗಿ ಮುಚ್ಚಿ. ನೀರು ಕುದಿ ಬಂದ ಮೇಲೆ ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು, 180 ಮಿಲಿ ಸುರಿಯಿರಿ. ಪುಡಿಯೇ ಒಂದಿಷ್ಟು ನೀರು ಹೀರಿಕೊಳ್ಳುವುದರಿಂದ 120 ಮಿಲಿ ಡಿಕಾಕ್ಷನ್ ಸಿಗುತ್ತೆ, ಮೂರು ಲೋಟಕ್ಕೆ ಸಾಕು. ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯಬೇಕು. ಐದೇ ನಿಮಿಷಕ್ಕೆ ಸುರಿದುಬಿಟ್ಟರೆ ಪುಡಿ ದಪ್ಪ. ಗಂಟೆಯಾದರೂ ತೊಟ್ಟಿಕ್ಕದಿದ್ದರೆ ಪುಡಿ ತೀರಾ ನಯವಾಗಿದೆ ಅಥವಾ ಒತ್ತಿದ್ದು ಜಾಸ್ತಿಯಾಗಿದೆ. ಫಿಲ್ಟರಿನ ತೂತುಗಳನ್ನೂ ಬೆಳಕಿಗೆ ಹಿಡಿದು ನೋಡಿ. ಗಡಸು ನೀರಲ್ಲಿ ಬಳಸಿದ ಫಿಲ್ಟರಾದರೆ ಅರ್ಧ ತೂತು ಸುಣ್ಣ ಕಟ್ಟಿ ಮುಚ್ಚಿರುತ್ತೆ. ಹುಣಸೆಹಣ್ಣಿನ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ ತೊಳೆದರೆ ಬಿಟ್ಟುಕೊಳ್ಳುತ್ತೆ.