ಅಪ್ಪನ ಎಫ್‌ಡಿನ ಐದು ಮೆಟ್ಟಿಲು ಮಾಡಿದ್ದು: ನನ್ನ ಅನುಭವ

ಅಪ್ಪ 2018ರಲ್ಲಿ ರಿಟೈರ್ ಆದಾಗ ಬಂದ 20 ಲಕ್ಷನ ಒಂದೇ ಬ್ಯಾಂಕಲ್ಲಿ ಒಂದೇ ಎಫ್‌ಡಿ ಮಾಡಿ ಇಟ್ಟಿದ್ರು, ತಿಂಗಳಿಗೆ 12 ಸಾವಿರ ಚಿಲ್ಲರೆ ಬಡ್ಡಿ ಬರ್ತಿತ್ತು. ಅದು ಮೆಚ್ಯೂರ್ ಆಗಿದ್ದು 2020ರ ಅಕ್ಟೋಬರಲ್ಲಿ. ಆಗ ಕೊರೋನಾ ಅಂತ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡೋ ರೆಪೋ ದರನ 4 ಪರ್ಸೆಂಟಿಗೆ ಇಳಿಸಿತ್ತು, ಎಫ್‌ಡಿ ಬಡ್ಡಿನೂ ಅದರ ಹಿಂದೇನೇ ಬಿದ್ದಿತ್ತು. ಪೂರ್ತಿ ದುಡ್ಡು 5.8ಕ್ಕೆ ಮೂರು ವರ್ಷ ಲಾಕ್ ಆಯ್ತು, ತಿಂಗಳ ಬಡ್ಡಿ 9,700ರ ಹತ್ರ ಬಂತು. 2022ರ ಮೇ ಇಂದ ದರ ಏರ್ತಾ ಹೋದ್ರೂ ಅಪ್ಪನಿಗೆ ಅದರಿಂದ ಏನೂ ಸಿಗ್ಲಿಲ್ಲ. ಇಡೀ ದುಡ್ಡು ಒಂದೇ ದಿನದ ದರಕ್ಕೆ ಸಿಕ್ಕಿಹಾಕಿಕೊಳ್ಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಆಗಲೇ.

2023ರ ಅಕ್ಟೋಬರಲ್ಲಿ ದುಡ್ಡು ಕೈಗೆ ಬಂದ ತಕ್ಷಣ ನಾಲ್ಕು ನಾಲ್ಕು ಲಕ್ಷದ ಐದು ಎಫ್‌ಡಿ ಮಾಡಿಸ್ದೆ, ಒಂದು, ಎರಡು, ಮೂರು, ನಾಲ್ಕು, ಐದು ವರ್ಷಕ್ಕೆ, ಒಂದೊಂದೂ ಒಂದು ಮೆಟ್ಟಿಲು. ಪ್ರತಿ ಅಕ್ಟೋಬರಲ್ಲೂ ಒಂದು ಮುಗಿಯುತ್ತೆ, ಮುಗಿದಿದ್ದನ್ನ ಆವತ್ತಿನ ದರಕ್ಕೆ ಮತ್ತೆ ಐದು ವರ್ಷಕ್ಕೆ ಹಾಕೋದು, ಇಷ್ಟೇ. ಸೀನಿಯರ್ ಸಿಟಿಜನ್ ದರ ಸೇರಿ ಎಲ್ಲ 7ರ ಆಸುಪಾಸಿಗೇ ಸಿಕ್ತು. ಬಡ್ಡಿ ಪ್ರತಿ ತಿಂಗಳು ಉಳಿತಾಯ ಖಾತೆಗೆ ಬೀಳೋ ಆಯ್ಕೆ ತಗೊಂಡೆ. ಇದರಲ್ಲಿ ಬಡ್ಡಿನ ಸ್ವಲ್ಪ ಕಡಿಮೆ ಮಾಡ್ತಾರೆ ಅಂತ ಅಪ್ಪನಿಗೆ ಅಸಮಾಧಾನ ಇತ್ತು, ಲೆಕ್ಕ ಹಾಕಿ ತೋರಿಸ್ದೆ: 4 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ತಗೊಂಡ್ರೆ ತಿಂಗಳಿಗೆ 2,333 ಬಿದ್ದ ಹಾಗೆ, ತಿಂಗಳು ತಿಂಗಳು ತಗೊಂಡ್ರೆ 2,320. ಬರೀ 13 ರೂಪಾಯಿ ವ್ಯತ್ಯಾಸ. ಐದೂ ಸೇರಿ ತಿಂಗಳಿಗೆ 11,600.

ನಾಲ್ಕೇ ಲಕ್ಷ ಯಾಕೆ ಅಂದ್ರೆ ಠೇವಣಿ ವಿಮೆ ಇರೋದು ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದವರೆಗೆ ಮಾತ್ರ, ಅದೂ ಅಸಲು ಬಡ್ಡಿ ಎಲ್ಲ ಸೇರಿ, ಆ ಬ್ಯಾಂಕಿನ ಎಲ್ಲ ಶಾಖೆನೂ ಸೇರಿ. ಹಾಗಂತ ಐದು ಬ್ಯಾಂಕ್ ಅಲೆಯೋಕೆ ಈ ವಯಸ್ಸಲ್ಲಿ ಅಪ್ಪನಿಂದ ಆಗಲ್ಲ. ಒಬ್ಬರ ಹೆಸರಿನ ಖಾತೆಗೂ ಜಂಟಿ ಖಾತೆಗೂ ವಿಮೆ ಬೇರೆ ಬೇರೆ ಲೆಕ್ಕ, ಅದಕ್ಕೆ ಎರಡು ಬ್ಯಾಂಕಲ್ಲಿ ಅಪ್ಪನ ಹೆಸರಲ್ಲಿ ಒಂದೊಂದು, ಅಪ್ಪ ಅಮ್ಮ ಇಬ್ಬರ ಹೆಸರಲ್ಲಿ ಒಂದೊಂದು, ಮೂರನೇ ಬ್ಯಾಂಕಲ್ಲಿ ಅಪ್ಪನದು ಒಂದು ಮಾಡಿದ್ವಿ. ಮೂರು ಬ್ಯಾಂಕಲ್ಲೇ ಮುಗೀತು. ಬಡ್ಡಿ ಕೊಡುವಾಗಲೇ ಬ್ಯಾಂಕ್ ಟಿಡಿಎಸ್ ಅಂತ ತೆರಿಗೆ ಹಿಡಿಯದೇ ಇರಲಿ ಅಂತ ಏಪ್ರಿಲಲ್ಲಿ 15ಎಚ್ ಫಾರ್ಮ್‌ನ ಮೂರೂ ಕಡೆ ಕೊಡಬೇಕಾಗಿತ್ತು, ಅದೊಂದು ಓಡಾಟ.

ಫಾರ್ಮಲ್ಲಿ ಆಟೋ ರಿನ್ಯೂವಲ್ ಬೇಡ ಅಂತ ಬರೆಸಿದ್ದೆ. ಒಂದು ವರ್ಷದ ಎಫ್‌ಡಿ ತಾನಾಗೇ ರಿನ್ಯೂ ಆದ್ರೆ ಮತ್ತೆ ಒಂದೇ ವರ್ಷಕ್ಕೆ ಆಗುತ್ತೆ, ಆಗ ಒಂದು ವರ್ಷ ಎರಡು ಮೆಟ್ಟಿಲು ಒಟ್ಟಿಗೆ ಮುಗಿಯುತ್ತೆ, ಇನ್ನೊಂದು ವರ್ಷ ಖಾಲಿ. ಆದ್ರೆ ಮೆಚ್ಯೂರ್ ಆದ ದುಡ್ಡು ಖಾತೆಯಲ್ಲಿ ಸುಮ್ಮನೆ ಬಿದ್ದಿದ್ರೆ ಬರೋದು ಉಳಿತಾಯ ಖಾತೆ ಬಡ್ಡಿನೇ, ಹಾಗಾಗಿ ಫೋನಲ್ಲಿ ಒಂದು ವಾರ ಮುಂಚೆ ರಿಮೈಂಡರ್ ಇಟ್ಟಿರ್ತೀನಿ.

2024ರ ಅಕ್ಟೋಬರಲ್ಲಿ ಮೊದಲನೇದು ಮುಗೀತು, 7ಕ್ಕೇ ಐದು ವರ್ಷಕ್ಕೆ ಹಾಕಿದ್ವಿ. ಎರಡೇ ತಿಂಗಳಿಗೆ ಅಮ್ಮನ ಆಪರೇಷನ್, ಎರಡೂವರೆ ಲಕ್ಷ ಬೇಕಾಯ್ತು. ಯಾವುದನ್ನ ಮುರಿಸೋದು? ಕೌಂಟರಲ್ಲಿದ್ದವರು "ಹಳೇದು ಮುರಿಸಿ ಸಾರ್, ಹೊಸದು ಯಾಕೆ ಹಾಳು ಮಾಡ್ತೀರಾ" ಅಂದ್ರು. ನಾನು ಲೆಕ್ಕ ಹಾಕಿ ನೋಡ್ದೆ. ಮುಂಚೆ ಮುರಿಸಿದ್ರೆ ಒಪ್ಪಿದ 7 ಕೊಡಲ್ಲ, ಎಷ್ಟು ದಿನ ಇಟ್ಟಿದ್ವೋ ಆ ಅವಧಿಯ ದರ, ಅದರಲ್ಲೂ 1 ಪರ್ಸೆಂಟ್ ದಂಡ ಕಳೆದು ಕೊಡ್ತಾರೆ, ಈಗಾಗಲೇ ಕೊಟ್ಟ ಹೆಚ್ಚಿನ ಬಡ್ಡಿನ ಅಸಲಲ್ಲೇ ಹಿಡಿತಾರೆ. 14 ತಿಂಗಳಾಗಿದ್ದ ಮೂರು ವರ್ಷದ್ದು ಮುರಿಸಿದ್ರೆ ದರ 5.8ಕ್ಕೆ ಇಳಿದು ಸುಮಾರು 5,500 ಹೋಗ್ತಿತ್ತು. ಎರಡು ತಿಂಗಳ ಹೊಸದರಲ್ಲಿ ದರ 4ಕ್ಕೆ ಇಳಿದ್ರೂ ವಾಪಸ್ ಕೊಡಬೇಕಾದ ಬಡ್ಡಿನೇ ಎರಡು ತಿಂಗಳದ್ದು, ಹೋಗಿದ್ದು 2,000 ಅಷ್ಟೇ. ಹೊಸದನ್ನೇ ಮುರಿಸ್ದೆ, ಉಳಿದ ಒಂದೂವರೆ ಲಕ್ಷನ 2029ರ ಅಕ್ಟೋಬರಿಗೇ ಮುಗಿಯೋ ಹಾಗೆ ದಿನ ಎಣಿಸಿ ವಾಪಸ್ ಹಾಕ್ದೆ. ದರ ಆಗ ಇನ್ನೂ ಬಿದ್ದಿರಲಿಲ್ಲ, ಅದಕ್ಕೆ ಈ ಲೆಕ್ಕ ನಡೀತು. ಬಿದ್ದಿದ್ರೆ ಹಳೇ ಒಳ್ಳೆ ದರ ಕಳ್ಕೊಳ್ಳೋ ನಷ್ಟನೂ ಸೇರಿಸಿ ನೋಡಬೇಕಾಗ್ತಿತ್ತು. ಹಳೇ ಥರ ಒಂದೇ ಎಫ್‌ಡಿ ಇದ್ದಿದ್ರೆ ಎರಡೂವರೆ ಲಕ್ಷಕ್ಕೋಸ್ಕರ 20 ಲಕ್ಷನೂ ಮುರಿಸಬೇಕಿತ್ತು.

2025ರಲ್ಲಿ ರಿಸರ್ವ್ ಬ್ಯಾಂಕ್ ದರ ಇಳಿಸ್ತಾ ಬಂತು, ಅಕ್ಟೋಬರ್ ಹೊತ್ತಿಗೆ ರೆಪೋ 6.5 ಇಂದ 5.5ಕ್ಕೆ ಬಂದಿತ್ತು. ಎರಡನೇ ಮೆಟ್ಟಿಲು 6.4ಕ್ಕೆ ಹೋಯ್ತು. ಅಪ್ಪ ಪಾಸ್‌ಬುಕ್ ಹಿಡ್ಕೊಂಡು "ಮತ್ತೆ 2020ರ ಕಥೆನಾ?" ಅಂತ ಕೇಳಿದ್ರು, ಮುಖ ಸಪ್ಪಗಾಗಿತ್ತು. ಅದರಿಂದ ಕಡಿಮೆ ಆಗಿದ್ದು ತಿಂಗಳಿಗೆ 200 ರೂಪಾಯಿ. "2023ರಲ್ಲಿ ಹಾಕಿದ್ರಲ್ಲಿ ಉಳಿದ ಮೂರು ಇನ್ನೂ ಹಳೇ ದರದಲ್ಲೇ ಇದೆ ಅಪ್ಪಾ" ಅಂದೆ. ಅಮ್ಮನ ಮಾತ್ರೆ ಖರ್ಚು ಬರೆಯೋ ಪುಸ್ತಕದಲ್ಲಿ ಆ 200ನ ಕಳೆದು, ಕೆಳಗೆ 2026 ಅಕ್ಟೋಬರ್ ಅಂತ ಬರೆದಿಟ್ಕೊಂಡ್ರು.